ಒಂದು ಟೀ-ಶರ್ಟ್, ಒಂಬತ್ತು ಬಣ್ಣ: ಮೂರು ದಾರಿ ಹಿಡಿದು ನೋಡಿದ್ದು

ತಿಳಿ ಬೂದು ಟೀ-ಶರ್ಟಿನ ಫೋಟೋ ತೆಗೆದು, ನೆರಳನ್ನೂ ಹೊಳಪನ್ನೂ ಬೇರೆ ಬೇರೆ ಲೇಯರ್ ಮಾಡಿ, ಕೆಳಗೆ ಬಣ್ಣ ತುಂಬುವುದು. ಒಂದೇ ಫೋಟೋದ ಟೀ-ಶರ್ಟನ್ನು ಹಲವು ಬಣ್ಣಗಳಲ್ಲಿ ತೋರಿಸಲು ನನ್ನ ವೋಟು ಇದಕ್ಕೇ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಉಳಿದ ಎರಡು ದಾರಿಗೆ ಸಾಕಷ್ಟು ರಾತ್ರಿಗಳನ್ನು ಕಳೆದಿದ್ದೇನೆ.

ಶುರುವಾಗಿದ್ದು ಕೆಂಪು ಟೀ-ಶರ್ಟಿನಿಂದ. ಆನ್‌ಲೈನ್ ಅಂಗಡಿಗೆ ಒಂಬತ್ತು ಬಣ್ಣ ಬೇಕಿತ್ತು, ಫೋಟೋ ಇದ್ದದ್ದು ಕೆಂಪಿನದ್ದು ಮಾತ್ರ. ಬಣ್ಣ ಬದಲಿಸುವ ಪ್ಲಗಿನ್ ಒಂದನ್ನು ದುಡ್ಡು ಕೊಟ್ಟು ತಗೊಂಡೆ. ಬಳಸಿದ ಮೇಲೆ ಗೊತ್ತಾಯ್ತು, ಫೋಟೋಶಾಪಿನ ಹ್ಯೂ/ಸ್ಯಾಚುರೇಶನ್ ಸ್ಲೈಡರ್ ಮಾಡುವ ಕೆಲಸವನ್ನೇ ಅದೂ ಮಾಡುತ್ತಿತ್ತು. ಕೆಂಪಿನಿಂದ ನೇರಳೆ ಚೆನ್ನಾಗಿಯೇ ಬಂತು. ಹಳದಿ ಮಾತ್ರ ಕೆಸರು. ಕೆಂಪು ಬಟ್ಟೆಯ ಮಡಿಕೆಯಲ್ಲಿ ಕೆಂಪು, ಹಸಿರು, ನೀಲಿ ಅಂಶಗಳು 0ಯಿಂದ 255ರ ಅಳತೆಯಲ್ಲಿ 120, 20, 20 ಇದ್ದ ಜಾಗ, ಹ್ಯೂ ತಿರುಗಿಸಿದಾಗ 120, 120, 20 ಆಗುತ್ತದೆ. ಅದು ಹಳದಿಯ ನೆರಳಲ್ಲ, ಪಾಚಿ ಹಸಿರು. ಸಾಲದ್ದಕ್ಕೆ ಮಾಡೆಲ್‌ನ ಗಲ್ಲದ ಕೆಳಗೆ ಕೆಂಪು ಬಟ್ಟೆಯ ಛಾಯೆ ಹಾಗೇ ಉಳಿದಿತ್ತು. ಹಳದಿ ಟೀ-ಶರ್ಟ್ ಹಾಕಿದವರ ಕುತ್ತಿಗೆ ಕೆಂಪಗೆ ಯಾಕಿರುತ್ತೆ ಹೇಳಿ?

ಎರಡನೆಯದು, ಮೇಲೊಂದು ಬಣ್ಣದ ಲೇಯರ್ ಇಟ್ಟು ಬ್ಲೆಂಡ್ ಮೋಡನ್ನು 'ಕಲರ್' ಮಾಡುವುದು. ನೇಯ್ಗೆ ಹಾಗೇ ಉಳಿಯುತ್ತದೆ. ಆದರೆ ಈ ಮೋಡ್ ಮೂಲ ಫೋಟೋ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದನ್ನೂ ಹಾಗೇ ಇಟ್ಟುಕೊಳ್ಳುತ್ತದೆ. ತಿಳಿ ಬೂದಿನ ಮೇಲೆ ನೇವಿ ಬ್ಲೂ ಇಟ್ಟರೆ ಸಿಗುವುದು ತಿಳಿ ನೀಲಿ. ಆಮೇಲೆ ಪ್ರತಿ ಬಣ್ಣಕ್ಕೂ ಕರ್ವ್ಸ್ ಎಳೆಯಬೇಕು. ಕೈ ಅಳತೆ ಒಂದೊಂದು ಸಲ ಒಂದೊಂದು ಥರ. ಒಂಬತ್ತು ಚಿತ್ರ ಸಾಲಾಗಿ ಇಟ್ಟು ನೋಡಿದಾಗ ಒಂದರ ಮಡಿಕೆ ಆಳ, ಇನ್ನೊಂದರದ್ದು ಮೇಲುಮೇಲೆ. ಒಂದೇ ಬಟ್ಟೆ ಅಂತ ಯಾರೂ ನಂಬುವುದಿಲ್ಲ.

ಈಗ ನನ್ನ ದಾರಿ. ಬೂದು ಟೀ-ಶರ್ಟಿಗೆ ಮಾಸ್ಕ್ ಮಾಡಿ, ಉಳಿದಿರುವ ಬಣ್ಣದ ಛಾಯೆಯನ್ನು ಪೂರ್ತಿ ತೆಗೆಯುತ್ತೇನೆ. ಮಡಿಕೆಯಿಲ್ಲದ ಎದೆಯ ಭಾಗವನ್ನು ಐಡ್ರಾಪರ್‌ನಿಂದ ಅಳೆದಾಗ 180 ಬಂತು ಅನ್ನಿ. ಇದನ್ನೇ ಸೀದಾ ತುಂಬಿದ ಬಣ್ಣದ ಮೇಲೆ ಮಲ್ಟಿಪ್ಲೈ ಮೋಡ್‌ನಲ್ಲಿ ಇಟ್ಟರೆ ಬಣ್ಣ ಸುಮಾರು 70 ಶೇಕಡಾಕ್ಕೆ ಇಳಿಯುತ್ತದೆ, 200 ಇದ್ದ ಕೆಂಪು 141 ಆಗುತ್ತದೆ. ಅದಕ್ಕೇ ಲೆವೆಲ್ಸ್‌ನಲ್ಲಿ ಬಿಳಿ ತುದಿಯನ್ನು 185ಕ್ಕೆ ತರುತ್ತೇನೆ. ಆಗ 180 ಹೋಗಿ 248 ಆಗುತ್ತದೆ, ಕೆಂಪು 195ರ ಹತ್ತಿರ ನಿಲ್ಲುತ್ತದೆ. ಇದು ನೆರಳಿನ ಲೇಯರ್. 185ಕ್ಕಿಂತ ಮೇಲಿದ್ದ ಹೊಳಪು ಇದರಲ್ಲಿ ಕಳೆದುಹೋಗುತ್ತದಲ್ವಾ? ಅದಕ್ಕೆ ಇನ್ನೊಂದು ನಕಲು ಮಾಡಿ, ಕಪ್ಪು ತುದಿಯನ್ನು 185ಕ್ಕೆ ತಂದು, ಸ್ಕ್ರೀನ್ ಮೋಡ್‌ನಲ್ಲಿ ಸುಮಾರು 30 ಶೇಕಡಾ ಒಪಾಸಿಟಿಗೆ ಇಡುತ್ತೇನೆ. ಇಷ್ಟಾದರೆ ಕೆಳಗಿನ ಬಣ್ಣ ಬದಲಿಸುವುದಷ್ಟೇ ಕೆಲಸ. ಹಳದಿಗೆ ಮಾತ್ರ ನೆರಳಿನ ಲೇಯರಿಗೆ ಚೂರು ಕಂದು ಬೆರೆಸುತ್ತೇನೆ, ಇಲ್ಲದಿದ್ದರೆ ಇಲ್ಲೂ ಪಾಚಿ ಇಣುಕುತ್ತದೆ.

ಕಾಟ ಕೊಟ್ಟಿದ್ದು ಕಪ್ಪು. ಮೊದಲ ಸಲ 20, 20, 20 ತುಂಬಿದೆ. ಫೋಟೋದಲ್ಲಿ ಟೀ-ಶರ್ಟ್ ಇರಲಿಲ್ಲ, ಟೀ-ಶರ್ಟಿನ ಆಕಾರದ ತೂತಿತ್ತು. ಲೆಕ್ಕ ಹಾಕಿದಾಗ ಅರ್ಥವಾಯ್ತು. ಮಡಿಕೆಯಲ್ಲಿ ನೆರಳಿನ ಲೇಯರ್ 165 ಇದ್ದರೆ, 200ರ ಕೆಂಪು ಅಲ್ಲಿ 129ಕ್ಕೆ ಇಳಿಯುತ್ತದೆ. ಎದೆಗೂ ಮಡಿಕೆಗೂ 65ರಷ್ಟು ವ್ಯತ್ಯಾಸ, ಕಣ್ಣಿಗೆ ಎದ್ದು ಕಾಣುತ್ತದೆ. ಕಪ್ಪಿನಲ್ಲಿ 19, 13. ಮೊಬೈಲಿನಲ್ಲಿ ಎರಡೂ ಒಂದೇ.

ಬ್ರೈಟ್‌ನೆಸ್ ಏರಿಸಿದೆ, ಕಪ್ಪು ಹೋಗಿ ಬೂದು ಬಣ್ಣವಾಯಿತು. ನೆರಳನ್ನು ಇನ್ನೂ ಗಾಢ ಮಾಡಿದೆ, ಏನೂ ಪ್ರಯೋಜನವಿಲ್ಲ. ಕೊನೆಗೆ ನಿಜವಾದ ಕಪ್ಪು ಟೀ-ಶರ್ಟನ್ನೇ ಕಿಟಕಿ ಹತ್ತಿರ ಹಿಡಿದು ನೋಡಿದೆ. ಕಪ್ಪು ಬಟ್ಟೆಯಲ್ಲಿ ಮಡಿಕೆ ಕಾಣುವುದು ನೆರಳಿನಿಂದಲ್ಲ, ಏಣಿನ ಮೇಲೆ ಬೀಳುವ ಬೆಳಕಿನಿಂದ! ತುಂಬುವ ಬಣ್ಣವನ್ನು 40ಕ್ಕೆ ಏರಿಸಿ, ಹೊಳಪಿನ ಲೇಯರನ್ನು 60 ಶೇಕಡಾ ಮಾಡಿದೆ. ಬಟ್ಟೆ ವಾಪಸ್ ಬಂತು. ನೇವಿಗೂ ಇದೇ ಮದ್ದು. ಬಿಳಿಗೆ ಉಲ್ಟಾ: 245 ತುಂಬಿ ನೆರಳನ್ನೇ ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಒಗೆಯದ ಬಟ್ಟೆ ಥರ ಕಾಣುತ್ತದೆ.

ಫೈಲ್ 16 ಬಿಟ್ ಇರಲಿ. 8 ಬಿಟ್‌ನಲ್ಲಿ ಇಷ್ಟು ಎಳೆದಾಡಿದರೆ ನೆರಳಲ್ಲಿ ಪಟ್ಟಿ ಪಟ್ಟಿ ಬೀಳುವ ಭಯ.

ಹತ್ತಿಪ್ಪತ್ತು ಬಣ್ಣ ಮಾಡುವವರಿಗೆ ಬೂದು ದಾರಿಯಲ್ಲಿ ಮೊದಲ ಎರಡು ಗಂಟೆ ಹೋದರೂ ನಷ್ಟವಿಲ್ಲ. ಎರಡೇ ಬಣ್ಣ ಸಾಕು, ಅವೂ ಹತ್ತಿರದ ಬಣ್ಣಗಳು ಅಂದ್ರೆ ಸ್ಲೈಡರ್ ಸಾಕು, ಪ್ಲಗಿನ್ನಿಗೆ ದುಡ್ಡು ಬೇಡ. ನಾನಂತೂ ಈಗ ಶೂಟಿಗೆ ಬೂದಿನ ಜೊತೆ ಕಪ್ಪು ಟೀ-ಶರ್ಟನ್ನೂ ಒಯ್ಯುತ್ತೇನೆ. ಅದೇ ಬೆಳಕಿನಲ್ಲಿ ಅದರದ್ದೊಂದು ಫೋಟೋ ಇದ್ದರೆ ಹೊಳಪು ಎಷ್ಟಿರಬೇಕು ಅಂತ ಊಹೆ ಮಾಡುವ ಗೋಜೇ ಇಲ್ಲ. ಬೇರೆ ಬೇರೆ ಬಣ್ಣದ ಎಳೆ ಬೆರೆಸಿ ತೆಗೆದ ನೂಲಿನ ಮೆಲಾಂಜ್ ಬಟ್ಟೆಗೆ ಮಾತ್ರ ಈ ಮೂರೂ ದಾರಿ ದಂಡ, ಅದನ್ನು ಬಣ್ಣಕ್ಕೊಂದರಂತೆ ಬೇರೆಯಾಗಿಯೇ ಶೂಟ್ ಮಾಡುತ್ತೇನೆ.