ಮೂಲೆಯ ಕ್ಯಾಮೆರಾನಾ, ಅಡ್ಡಪಟ್ಟಿನಾ?

ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ತಂಗಿ ಎರಡು ಫೋನ್ ಹಿಡಿದು ನಿಂತಿದ್ದಳು. ಬೆಲೆ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಕ್ಯಾಮೆರಾ ಎಡಮೂಲೆಯಲ್ಲಿ ಉಬ್ಬಿದೆ, ಇನ್ನೊಂದರಲ್ಲಿ ಬೆನ್ನಿನ ಅಗಲಕ್ಕೂ ಅಡ್ಡಪಟ್ಟಿ.

ಎರಡನ್ನೂ ಗಾಜಿನ ಕೌಂಟರ್ ಮೇಲೆ ಅಂಗಾತ ಇಟ್ಟು ಮೂಲೆಗಳನ್ನು ಒತ್ತಿದೆವು. ಮೊದಲನೆಯದು ಟಕ್ ಟಕ್ ಅಂತ ಅಲ್ಲಾಡಿತು. ಒಂದು ಮೂಲೆ ಮಾತ್ರ ಎತ್ತರವಾದರೆ ಅದು ಕುಂಟುಕಾಲಿನ ಮೇಜಿನ ಹಾಗೆ, ಅಲ್ವಾ? ಮೇಜಿನ ಮೇಲಿಟ್ಟೇ ಟೈಪ್ ಮಾಡುವವರಿಗೆ ಇದು ದಿನವಿಡೀ ಕಿರಿಕಿರಿ. ಪಟ್ಟಿಯದು ಅಲ್ಲಾಡಲಿಲ್ಲ. ಮೇಲ್ಭಾಗ ಸ್ವಲ್ಪ ಎದ್ದು ಕೂತಿತು, ಓದೋಕೆ ಅದೇ ಅನುಕೂಲ.

"ಕೇಸ್ ಹಾಕಿದರೆ ಸರಿಹೋಗುತ್ತೆ ಮೇಡಂ" ಅಂದರು ಅಂಗಡಿಯವರು. ಅರ್ಧ ನಿಜ. ಉಬ್ಬು 3 ಮಿ.ಮೀ., ಕೇಸಿನ ಬೆನ್ನು 1.5 ಮಿ.ಮೀ. ಅಂದುಕೊಳ್ಳಿ. ಇನ್ನೂ 1.5 ಮಿ.ಮೀ. ಹೊರಗೇ ಉಳಿಯಿತು. ಅಲ್ಲಾಟ ಕಡಿಮೆಯಾಗುತ್ತೆ, ಆದರೆ ಲೆನ್ಸಿನ ಗಾಜು ಮೇಜಿಗೆ ತಾಗುತ್ತೆ. ಗಾಜು ಉಳಿಯಲಿ ಅಂತ ಕ್ಯಾಮೆರಾ ಸುತ್ತ ಎತ್ತರದ ಅಂಚಿರುವ ಕೇಸ್ ತಗೊಂಡರೆ ಆ ಅಂಚೇ ಹೊಸ ಉಬ್ಬು, ಮತ್ತೆ ಅಲ್ಲಾಟ. ಪಟ್ಟಿಯ ಫೋನಿನಲ್ಲಿ ಅಂಚೂ ಅಗಲಕ್ಕೆ ಹರಡುವುದರಿಂದ ಈ ತೊಂದರೆ ಇಲ್ಲ.

ಡಬ್ಬಿಯ ಮೇಲಿನ ದಪ್ಪದ ಲೆಕ್ಕದಲ್ಲಿ ಸಾಮಾನ್ಯವಾಗಿ ಉಬ್ಬು ಸೇರಿರುವುದಿಲ್ಲ. ಸುಮ್ನೆ ಅದನ್ನು ನಂಬಬೇಡಿ.

ಮೂಲೆಯ ಫೋನಿಗೆ ಒಂದು ಅಂಕ ಕೊಡಲೇಬೇಕು. ಪಟ್ಟಿ ಮಾತ್ರ ಜೀನ್ಸ್ ಜೇಬಿನ ಅಂಚಿಗೆ ಸಿಕ್ಕಿಕೊಳ್ಳುತ್ತೆ. ತಂಗಿ ಆಫೀಸಲ್ಲಿ ಫೋನನ್ನು ಮೇಜಿನ ಮೇಲೇ ಇಡುವವಳು. ಪಟ್ಟಿಯದೇ ತಗೊಂಡಳು.