ನಾಲ್ಕು ಸ್ಟಿಕ್ ರ‍್ಯಾಮ್: ಎಕ್ಸ್‌ಎಂಪಿಯ 3600ಕ್ಕಿಂತ ಕೈಯಿಂದ ಇಳಿಸಿದ 3200 ನನಗೇಕೆ ಹಿಡಿಸಿತು

ರೈಜನ್ 5 5600 ಪ್ರೊಸೆಸರ್ ಮತ್ತು ಬಿ550 ಮದರ್‌ಬೋರ್ಡ್ ಇರುವ ನನ್ನ ಕಂಪ್ಯೂಟರಿನಲ್ಲಿ ಡಿಡಿಆರ್4 ಮೆಮೊರಿಯನ್ನು ನಾಲ್ಕು ಬಗೆಯಲ್ಲಿ ಓಡಿಸಿ ನೋಡಿದ್ದೇನೆ. ತಯಾರಕರು ಸ್ಟಿಕ್ಕಿನಲ್ಲೇ ಬರೆದಿಟ್ಟ ಎಕ್ಸ್‌ಎಂಪಿ ಪ್ರೊಫೈಲ್ ಹೇಳಿದಂತೆ 3600 ವೇಗ, ಅದೇ 3600ಕ್ಕೆ ವೋಲ್ಟೇಜ್ ಏರಿಸಿದ್ದು, ಪ್ರೊಫೈಲನ್ನು ಪೂರ್ತಿ ತೆಗೆದು 2666, ಹಾಗೂ ಪ್ರೊಫೈಲಿನ ವೋಲ್ಟೇಜನ್ನು ಮಾತ್ರ ಉಳಿಸಿಕೊಂಡು ಕೈಯಿಂದ ಹೊಂದಿಸಿದ 3200. ಇವುಗಳಲ್ಲಿ ಕೊನೆಯದೇ ಇಂದಿಗೂ ನನ್ನ ಕಂಪ್ಯೂಟರಿನಲ್ಲಿದೆ, ಮತ್ತು ನಾಲ್ಕು ಸ್ಟಿಕ್ ಹಾಕಿಕೊಂಡವರಿಗೆ ನಾನು ಹೇಳುವುದೂ ಅದನ್ನೇ.

ಮೊದಲಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಎರಡು 8 ಜಿಬಿ ಸ್ಟಿಕ್‌ಗಳಿದ್ದವು. 3600 ವೇಗ, 18-22-22-42 ಟೈಮಿಂಗ್, 1.35 ವೋಲ್ಟ್ ಎಂಬ ಪ್ರೊಫೈಲಿನಲ್ಲಿ ಅವು ಒಂದು ತಕರಾರೂ ಇಲ್ಲದೆ ಓಡುತ್ತಿದ್ದವು. 16 ಜಿಬಿ ಸಾಲದಾದಾಗ ಅದೇ ಮಾದರಿಯ ಇನ್ನೊಂದು ಜೋಡಿಯನ್ನು ತುಮಕೂರಿನಲ್ಲೇ ಕೊಂಡು ಸೇರಿಸಿದೆ. ಆಮೇಲೆ ವಿಂಡೋಸ್ ಎಂದಿನಂತೆ ತೆರೆದುಕೊಂಡಿತು, ಬ್ರೌಸರ್ ಓಡಿತು, ಹಗುರವಾದ ಶೂಟಿಂಗ್ ಆಟಗಳು ಗಂಟೆಗಟ್ಟಲೆ ನಡೆದವು. ಆದರೆ ವಿಶಾಲ ನಗರವೊಂದರಲ್ಲಿ ಅಲೆದಾಡುವ ದೊಡ್ಡ ಆಟವೊಂದು ಮಾತ್ರ ಅರ್ಧ ಗಂಟೆಯೊಳಗೆ ಯಾವ ಸಂದೇಶವನ್ನೂ ತೋರಿಸದೆ ಡೆಸ್ಕ್‌ಟಾಪಿಗೆ ಬೀಳತೊಡಗಿತು. ಅಂಗಡಿಯವರು ಫೋನಿನಲ್ಲಿ, "ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕು ಸರ್, ಒಮ್ಮೆ ತಂದುಬಿಡಿ" ಎಂದರು. ಎಲ್ಲ ಆಟಗಳಲ್ಲೂ ಆಗದೆ ಒಂದರಲ್ಲಷ್ಟೇ ಆಗುವ ತೊಂದರೆಗೆ ಯಾರಾದರೂ ಮೊದಲು ಕೊಡುವ ಉತ್ತರ ಅದೇ, ಇಲ್ಲವೇ ಆಟವೇ ಸರಿಯಿಲ್ಲ ಎಂಬುದು.

ಸುಳಿವು ಸಿಕ್ಕಿದ್ದು ವಿಂಡೋಸಿನ `Event Viewer`ನಲ್ಲಿ. ಪ್ರತಿ ಬಾರಿಯೂ `Application Error` ದಾಖಲಾಗಿತ್ತು, `Exception code` ಎಂಬಲ್ಲಿ `0xc0000005` ಎಂದಿತ್ತು. ಪ್ರೋಗ್ರಾಂ ತನಗೆ ಸೇರದ ಮೆಮೊರಿ ವಿಳಾಸವನ್ನು ಮುಟ್ಟಲು ಹೋಯಿತು ಎಂಬುದು ಅದರ ಅರ್ಥ. ಇದೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು. ಗಮನಿಸಬೇಕಾದದ್ದು `Faulting module name` ಎಂಬ ಸಾಲನ್ನು. ಒಮ್ಮೆ ಅಲ್ಲಿ ಆಟದ್ದೇ ಕಡತದ ಹೆಸರಿತ್ತು, ಇನ್ನೊಮ್ಮೆ `ntdll.dll`, ಮತ್ತೊಮ್ಮೆ ಗ್ರಾಫಿಕ್ಸ್ ಡ್ರೈವರಿನ ಕಡತ. ದೋಷ ಆಟದಲ್ಲೋ ಡ್ರೈವರಿನಲ್ಲೋ ಇದ್ದರೆ ಸಾಮಾನ್ಯವಾಗಿ ಒಂದೇ ಹೆಸರು ಮರುಕಳಿಸುತ್ತದೆ. ಹೆಸರು ಹೀಗೆ ಅಲೆದಾಡುತ್ತಿದ್ದರೆ ಮೆಮೊರಿಯನ್ನು ಅನುಮಾನಿಸುವುದು ಸರಿ.

ಪ್ರೊಫೈಲ್ ಎಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟಿಕ್ಕಿನ ಮೇಲಿನ ಪುಟ್ಟ ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟ ವೇಗ, ಟೈಮಿಂಗ್ ಮತ್ತು ವೋಲ್ಟೇಜಿನ ಪಟ್ಟಿ ಅದು. ಒಂದು ಪೆಟ್ಟಿಗೆಯಲ್ಲಿ ಎಷ್ಟು ಸ್ಟಿಕ್ ಮಾರಿದ್ದಾರೋ ಅಷ್ಟಕ್ಕೆ ಮಾತ್ರ ಆ ಭರವಸೆ. ಎರಡು ಪೆಟ್ಟಿಗೆ ಸೇರಿಸಿ ನಾಲ್ಕು ಮಾಡಿಕೊಂಡರೆ, ಮಾದರಿ ಸಂಖ್ಯೆ ಒಂದೇ ಆಗಿದ್ದರೂ, ಆ ಪಟ್ಟಿ ಯಾರೂ ಪರೀಕ್ಷಿಸದ ಜೋಡಣೆಯ ಮೇಲೆ ಓಡುತ್ತಿರುತ್ತದೆ. ಇನ್ನೊಂದು ಕಡೆ, ಮೆಮೊರಿಯನ್ನು ನಿಯಂತ್ರಿಸುವ ಭಾಗವಿರುವುದು ಪ್ರೊಸೆಸರಿನೊಳಗೆ. 5600ಕ್ಕೆ ಎಎಂಡಿ ಅಧಿಕೃತವಾಗಿ ಹೇಳುವ ಗರಿಷ್ಠ ವೇಗ 3200. ನಾಲ್ಕು ಸ್ಟಿಕ್ ಇದ್ದಾಗ ಅದು ಇನ್ನೂ ಕಡಿಮೆ. ಹಾಗಾಗಿ ಬಯಾಸಿನಲ್ಲಿ ಒಂದು ಗುಂಡಿ ಒತ್ತಿದರೆ ಬರುವ 3600 ಕೂಡ ಓವರ್‌ಕ್ಲಾಕಿಂಗೇ.

ದೊಡ್ಡ ಆಟ ಮಾತ್ರ ಏಕೆ ಬೀಳುತ್ತದೆ ಎಂಬುದಕ್ಕೂ ಕಾರಣವಿದೆ. ಹಗುರವಾದ ಆಟ ಕೆಲವೇ ಜಿಬಿ ಮೆಮೊರಿಯನ್ನು ಬಳಸುತ್ತದೆ, ಒಮ್ಮೆ ತುಂಬಿಸಿಕೊಂಡದ್ದನ್ನು ಬಹುಮಟ್ಟಿಗೆ ಹಾಗೆಯೇ ಇಟ್ಟುಕೊಳ್ಳುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೂ ಗೋಡೆಯ ಚಿತ್ರದಲ್ಲಿ ಒಂದು ಚುಕ್ಕೆಯ ಬಣ್ಣ ಬದಲಾದೀತು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವಿಶಾಲ ಲೋಕದ ಆಟವಾದರೋ ನೀವು ನಡೆದಂತೆಲ್ಲ ಡಿಸ್ಕಿನಿಂದ ಒತ್ತಿಟ್ಟ ದತ್ತಾಂಶವನ್ನು ತಂದು, ಎಲ್ಲ ಕೋರ್‌ಗಳನ್ನೂ ಬಳಸಿ ಬಿಡಿಸುತ್ತಲೇ ಇರುತ್ತದೆ. ಒತ್ತಿಟ್ಟ ದತ್ತಾಂಶದಲ್ಲಿ ಒಂದೇ ಬಿಟ್ ತಪ್ಪಿದರೂ ಆ ತುಂಡು ಪೂರ್ತಿ ಕೆಡಬಹುದು. ಆಗ ಆಟ ನಿಲ್ಲುವುದನ್ನು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಕೆಲವು ಆಟಗಳು ಮೊದಲ ಬಾರಿ ತೆರೆದಾಗ ಶೇಡರ್ ಸಿದ್ಧಪಡಿಸುವ ಹಂತದಲ್ಲೇ ಬೀಳುವುದೂ ಇಂಥ ಹೊರೆಯಿಂದಲೇ.

ಈಗ ನನ್ನನ್ನು ಹೆಚ್ಚು ಕಾಡಿದ ತೊಡಕಿಗೆ ಬರುತ್ತೇನೆ. ಮೆಮೊರಿಯನ್ನು ಅನುಮಾನಿಸಿದವರೆಲ್ಲ ಮಾಡುವಂತೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರನ್ನು ಬೂಟ್ ಮಾಡಿ, ಉಚಿತ ಆವೃತ್ತಿ ಕೊಡುವ 4 ಸುತ್ತುಗಳನ್ನೂ ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ನೋಡಿದರೆ ಒಂದೂ ದೋಷವಿರಲಿಲ್ಲ. ಅದೇ 3600ರಲ್ಲಿ, ಅದೇ ದಿನ ಸಂಜೆ, ಆಟ ಮತ್ತೆ ಬಿತ್ತು. ಹೀಗಾದಾಗ ಮೆಮೊರಿ ಸರಿಯಿದೆ ಎಂದು ನಂಬಿ ಪವರ್ ಸಪ್ಲೈಗೋ ಗ್ರಾಫಿಕ್ಸ್ ಕಾರ್ಡಿಗೋ ದುಡ್ಡು ಸುರಿಯುವವರು ಬಹಳ.

ಮೆಮ್‌ಟೆಸ್ಟ್86 ಸುಳ್ಳು ಹೇಳಿರಲಿಲ್ಲ, ಅದು ಬೇರೆಯ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಅದು ಓಡುವಾಗ ವಿಂಡೋಸ್ ಇರುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ, ರಾತ್ರಿಯ ಹೊತ್ತು ಕೋಣೆಯೂ ತಣ್ಣಗಿರುತ್ತದೆ. ಆಟದಲ್ಲಿ ಪರಿಸ್ಥಿತಿಯೇ ಬೇರೆ. ಗ್ರಾಫಿಕ್ಸ್ ಕಾರ್ಡ್ ತನ್ನ ಬಿಸಿಗಾಳಿಯನ್ನು ಕ್ಯಾಬಿನೆಟ್ಟಿನೊಳಗೇ ಬಿಡುತ್ತದೆ, ಅದು ಮೇಲೇರಿ ನೇರವಾಗಿ ಸ್ಟಿಕ್‌ಗಳನ್ನು ಸುತ್ತಿಕೊಳ್ಳುತ್ತದೆ. ನಾಲ್ಕು ಸ್ಲಾಟೂ ತುಂಬಿದಾಗ ಸ್ಟಿಕ್‌ಗಳ ನಡುವೆ ಗಾಳಿಯಾಡಲು ಜಾಗವೂ ಉಳಿಯುವುದಿಲ್ಲ. ಡಿರ‍್ಯಾಮಿನ ಪ್ರತಿಯೊಂದು ಕೋಶವೂ ಸೋರುವ ಬಿಂದಿಗೆಯಂತೆ. ತುಂಬಿಸಿದ ವಿದ್ಯುದಂಶ ನಿಧಾನವಾಗಿ ಹೊರಹೋಗುತ್ತಿರುತ್ತದೆ, ಅದಕ್ಕೆಂದೇ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಿಸಲಾಗುತ್ತದೆ. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. ಅಂಚಿಗೆ ತಂದು ನಿಲ್ಲಿಸಿದ ಟೈಮಿಂಗಿಗೆ ಆಗ ಉಳಿಯುವ ಬಿಡುವು ತೀರ ಕಡಿಮೆ.

ನನ್ನ ಸ್ಟಿಕ್‌ಗಳಲ್ಲಿ ಉಷ್ಣಾಂಶದ ಸೆನ್ಸರ್ ಇರುವುದರಿಂದ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಇದನ್ನು ಕಣ್ಣಾರೆ ನೋಡಲು ಸಾಧ್ಯವಾಯಿತು. ಡಿಡಿಆರ್4ರಲ್ಲಿ ಎಲ್ಲ ಸ್ಟಿಕ್‌ಗಳಿಗೂ ಈ ಸೆನ್ಸರ್ ಇರುವುದಿಲ್ಲ. ವಿಂಡೋಸಿನೊಳಗೆ ಟೆಸ್ಟ್‌ಮೆಮ್5 ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದರ ಕಠಿಣವಾದ `extreme` ಹೊಂದಿಕೆಯಲ್ಲಿ ಓಡಿಸಿದಾಗ ಸ್ಟಿಕ್‌ಗಳು 44 ಡಿಗ್ರಿಯಲ್ಲಿ ನಿಂತವು, ದೋಷ ಕಾಣಲಿಲ್ಲ. ಅದೇ ಪರೀಕ್ಷೆ ನಡೆಯುತ್ತಿರುವಾಗಲೇ ಜೊತೆಯಲ್ಲಿ ಫರ್‌ಮಾರ್ಕ್ ಹಾಕಿ ಗ್ರಾಫಿಕ್ಸ್ ಕಾರ್ಡಿಗೂ ಪೂರ್ತಿ ಹೊರೆ ಕೊಟ್ಟೆ. ತಾಪ 55 ದಾಟಿದ ಸ್ವಲ್ಪ ಹೊತ್ತಿಗೆ ಟೆಸ್ಟ್‌ಮೆಮ್5ರ ಕಿಟಕಿಯಲ್ಲಿ ಮೊದಲ ದೋಷ ಬಂತು, ಹಿಂದೆಯೇ ಇನ್ನಷ್ಟು. ತಾರಸಿ ಕಾಯ್ದ ಏಪ್ರಿಲ್ ಮಧ್ಯಾಹ್ನ ಬೇರೆ. ಆಟಕ್ಕೆ ಕೂರುವುದೂ ಅದೇ ಕೋಣೆಯಲ್ಲಿ ತಾನೆ. ಇಂಥ ಪರೀಕ್ಷೆಯಲ್ಲಿ ಒಂದೇ ಒಂದು ದೋಷ ಬಂದರೂ ಆ ಹೊಂದಿಕೆ ಅಸ್ಥಿರವೆಂದೇ ಲೆಕ್ಕ. ಸಾವಿರಕ್ಕೊಂದು ಪರವಾಗಿಲ್ಲ ಎಂಬ ರಿಯಾಯಿತಿ ಇಲ್ಲಿಲ್ಲ. ಮೆಮ್‌ಟೆಸ್ಟ್86 ಅನ್ನು ಬಿಟ್ಟುಬಿಡಿ ಎಂದು ಇದರರ್ಥವಲ್ಲ. ಸ್ಟಿಕ್ಕೇ ಕೆಟ್ಟಿದ್ದರೆ ಅದು ಬೇಗ ಹಿಡಿಯುತ್ತದೆ, ವಿಂಡೋಸಿನ ಕಡತಗಳನ್ನು ಅಪಾಯಕ್ಕೊಡ್ಡುವುದೂ ಇಲ್ಲ. ಆದ್ದರಿಂದ ಮೊದಲು ಅದು, ಅದರಲ್ಲಿ ಪಾಸಾದ ಮೇಲೆ ಈ ಜೋಡಿ ಹೊರೆ.

ವೋಲ್ಟೇಜ್ ಏರಿಸುವ ದಾರಿ ನನಗೆ ಹಿಡಿಸಲಿಲ್ಲ. `DRAM Voltage` ಅನ್ನು 1.35ರಿಂದ 1.40ಕ್ಕೆ, ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕಕ್ಕೆ ಹೋಗುವ ಎಸ್ಒಸಿ ವೋಲ್ಟೇಜನ್ನು 1.10ಕ್ಕೆ ತಂದಾಗ ದೋಷಗಳು ತಡವಾಗಿ ಬಂದವು, ನಿಲ್ಲಲಿಲ್ಲ. ವೋಲ್ಟೇಜ್ ಹೆಚ್ಚಿದರೆ ಸ್ಟಿಕ್ ಕೂಡ ಹೆಚ್ಚು ಬಿಸಿಯಾಗುತ್ತದೆ, ನನ್ನ ತೊಂದರೆಯ ಬೇರು ಇದ್ದದ್ದೇ ಬಿಸಿಯಲ್ಲಿ.

ಪ್ರೊಫೈಲ್ ತೆಗೆದ 2666ರಲ್ಲಿ ಆಟ ಎಂದೂ ಬೀಳಲಿಲ್ಲ. ತೊಂದರೆ ಮೆಮೊರಿಯದೋ ಅಲ್ಲವೋ ಎಂದು ಪತ್ತೆಹಚ್ಚಲು ಇದರಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ: ಪ್ರೊಫೈಲ್ ತೆಗೆದ ಮೇಲೂ ಬೀಳುತ್ತಿದ್ದರೆ ಬೇರೆಡೆ ಹುಡುಕಿ. ಆದರೆ ದಿನಬಳಕೆಗೆ ಅದು ಬೇಡ. ಜನಜಂಗುಳಿಯ ದೃಶ್ಯಗಳಲ್ಲಿ 3600ರಲ್ಲಿ ಸೆಕೆಂಡಿಗೆ 92ರಷ್ಟು ಬರುತ್ತಿದ್ದ ಫ್ರೇಮ್‌ಗಳು 81ಕ್ಕೆ ಇಳಿದವು, ತಡವರಿಕೆ ಕಣ್ಣಿಗೆ ಕಾಣುವಷ್ಟಿತ್ತು.

ಉಳಿದದ್ದು 3200. ಬಯಾಸಿನಲ್ಲಿ ಪ್ರೊಫೈಲನ್ನು ಆನ್ ಮಾಡಿ, ವೇಗವನ್ನಷ್ಟೇ 3200ಕ್ಕೆ ಇಳಿಸಿದೆ, ಅದಕ್ಕೆ ಹೊಂದುವಂತೆ ಪ್ರೊಸೆಸರಿನ ಒಳಸಂಪರ್ಕದ ವೇಗವಾದ `FCLK` ಅನ್ನು 1800ರಿಂದ 1600ಕ್ಕೆ ತಂದೆ, ವೋಲ್ಟೇಜನ್ನು 1.35ರಲ್ಲೇ ಬಿಟ್ಟೆ. ಇಷ್ಟಕ್ಕೇ ನಿಲ್ಲಿಸಿದರೆ ಸ್ವಲ್ಪ ನಷ್ಟವಿದೆ, ಏಕೆಂದರೆ ಟೈಮಿಂಗ್ ಎಂಬುದು ಗಡಿಯಾರದ ಮಿಡಿತಗಳ ಎಣಿಕೆ. 3600ರಲ್ಲಿ 18 ಮಿಡಿತವೆಂದರೆ 10 ನ್ಯಾನೋಸೆಕೆಂಡ್, 3200ರಲ್ಲಿ ಅದೇ 18 ಮಿಡಿತ 11.25 ಆಗುತ್ತದೆ. ಆದ್ದರಿಂದ 18-22-22-42 ಅನ್ನು 16-20-20-38 ಎಂದು ಬದಲಿಸಿದೆ. ಮೊದಲನೆಯದು ಮತ್ತೆ ಸರಿಯಾಗಿ 10 ನ್ಯಾನೋಸೆಕೆಂಡಿಗೆ ಬರುತ್ತದೆ, ಮಿಕ್ಕವು ಹಳೆಯದಕ್ಕಿಂತ ಕೂದಲೆಳೆಯಷ್ಟು ಸಡಿಲ. ಅಂದರೆ ಚಿಪ್‌ಗಳಿಗೆ ಮೊದಲು ಒಗ್ಗಿದ್ದ ಅವಧಿಗಿಂತ ಬಿಗಿಯಾದುದನ್ನು ಯಾವುದನ್ನೂ ಕೇಳಿದಂತಾಗಲಿಲ್ಲ, ಪ್ರೊಸೆಸರಿನ ಮೇಲಿನ ಹೊರೆ ಮಾತ್ರ ಇಳಿಯಿತು. ಸೈದ್ಧಾಂತಿಕವಾಗಿ ಸೆಕೆಂಡಿಗೆ 57.6 ಜಿಬಿ ಇದ್ದ ಸಾಗಣೆ 51.2ಕ್ಕೆ ಬಂತು, ಆಟದಲ್ಲಿ 92 ಇದ್ದದ್ದು 90 ಆಯಿತು. ಅದೇ ಮಧ್ಯಾಹ್ನದ ಸೆಖೆಯಲ್ಲಿ, ಜೋಡಿ ಹೊರೆಯಲ್ಲಿ, ಟೆಸ್ಟ್‌ಮೆಮ್5 ಕೊನೆಯವರೆಗೂ ದೋಷವಿಲ್ಲದೆ ಮುಗಿಯಿತು.

ಒಂದು ಎಚ್ಚರಿಕೆ: ಹೊಂದಿಕೆ ಸರಿಯಾದ ಮೇಲೂ ಆಟ ಒಮ್ಮೆ ಬೀಳಬಹುದು. ಮೆಮೊರಿ ಅಸ್ಥಿರವಾಗಿದ್ದಾಗ ಇಳಿಸಿಕೊಂಡ ಅಪ್‌ಡೇಟ್‌ಗಳು ತಪ್ಪು ಬಿಟ್‌ಗಳೊಂದಿಗೆ ಡಿಸ್ಕಿನಲ್ಲಿ ಕುಳಿತಿರುತ್ತವೆ. ಆಟದ ಲಾಂಚರಿನಲ್ಲಿ ಕಡತಗಳನ್ನು ಪರಿಶೀಲಿಸುವ ಆಯ್ಕೆಯನ್ನು ಓಡಿಸಿ, ವಿಂಡೋಸಿಗಾಗಿ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಕೊಡಿ:

```
sfc /scannow
```

ಹಳೆಯ ಎರಡು ಜೋಡಿ ಮಾರಿ 16 ಜಿಬಿಯ ಎರಡು ಸ್ಟಿಕ್‌ಗಳ ಒಂದೇ ಪೆಟ್ಟಿಗೆ ಕೊಳ್ಳುವುದು ತಾಂತ್ರಿಕವಾಗಿ ಇದಕ್ಕಿಂತ ಚೆಂದದ ಪರಿಹಾರ. ಈಗಿನ ಮೆಮೊರಿ ಬೆಲೆಯಲ್ಲಿ, ಎರಡು ಫ್ರೇಮ್‌ಗಳಿಗಾಗಿ, ಅದು ನನ್ನ ಜೇಬಿಗೆ ಒಗ್ಗದು. ಹೊಸದಾಗಿ ಕೊಳ್ಳುವವರು ಮಾತ್ರ ಮೊದಲೇ ಎರಡೇ ಸ್ಟಿಕ್‌ಗಳಲ್ಲಿ ಬೇಕಾದಷ್ಟು ಜಿಬಿ ತೆಗೆದುಕೊಳ್ಳಿ. ಡಿಡಿಆರ್5ರಲ್ಲಂತೂ ಈ ಅಂತರ ಇನ್ನೂ ದೊಡ್ಡದು: ರೈಜನ್ 7000 ಸರಣಿಗೆ ಎರಡು ಸ್ಟಿಕ್‌ನಲ್ಲಿ ಎಎಂಡಿ ಹೇಳುವ ಅಧಿಕೃತ ವೇಗ 5200, ನಾಲ್ಕಾದರೆ ಬರೀ 3600. ಮತ್ತು ಪರೀಕ್ಷೆಯನ್ನು ಡಿಸೆಂಬರಿನಲ್ಲಿ ಮಾಡಿದವರು ಬೇಸಿಗೆ ಬಂದಾಗ, ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿಟ್ಟು, ಗ್ರಾಫಿಕ್ಸ್ ಕಾರ್ಡಿನ ಹೊರೆಯ ಜೊತೆಗೇ ಇನ್ನೊಮ್ಮೆ ಮಾಡಿ ನೋಡಿ.