ಆರ್‌ಒ ಹಾಕಿಸುವಾಗ ಟೀ ಜಾಯಿಂಟ್ ಎಲ್ಲಿ ಕೂರಿಸುತ್ತಾರೆ, ನಿಂತು ನೋಡಿ

ಪುಣೆ, ಪಿಂಪ್ರಿ-ಚಿಂಚ್‌ವಡ ಕಡೆ ಹೊಸ ಫ್ಲಾಟ್ ತೆಗೆದುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಸಿಂಕ್ ಕೆಳಗೆ ಕೂರುವ ಆರ್‌ಒ, ಪಕ್ಕದಲ್ಲಿ ದುಂಡನೆಯ ಪ್ರೆಶರ್ ಟ್ಯಾಂಕ್, ಮೇಲೆ ಪುಟ್ಟ ನಲ್ಲಿ. ನೋಡಲು ಚೆಂದ. ಆದರೆ ಮೆಷಿನ್ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ನೀರು ಎಲ್ಲಿಂದ ಎಳೆದಿದ್ದಾರೆ ಎನ್ನುವುದು ತಪ್ಪಿದರೆ ನಿಮ್ಮ ಅಡುಗೆಮನೆಯ ಜೊತೆ ಕೆಳಗಿನ ಮನೆಯ ಛಾವಣಿಯೂ ಹಾಳು. ನಮ್ಮಲ್ಲಿ ಆದದ್ದು ಅದೇ.

ನಮ್ಮದು ಹನ್ನೊಂದು ಮಹಡಿಯ ಕಟ್ಟಡ, ನಾವು ಎರಡನೆಯದರಲ್ಲಿ. ಪವನಾ ಅಣೆಕಟ್ಟಿನ ನೀರು ಬಂದರೆ ಆರ್‌ಒ ಬೇಕೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೆ ಬೇಸಿಗೆಯಲ್ಲಿ ಸೊಸೈಟಿ ಟ್ಯಾಂಕರ್ ತರಿಸುತ್ತದೆ. ಅದು ಬೋರ್ ನೀರು. ಬಕೆಟ್ ಅಂಚಿಗೆಲ್ಲ ಬಿಳಿ ಕಲೆ. ಹಾಗಾಗಿ ಹಾಕಿಸಿದೆವು. ಅಂಗಡಿಯವರು ಒಬ್ಬ ಹುಡುಗನನ್ನು ಕಳಿಸಿದರು. ಅರ್ಧ ಗಂಟೆಯಲ್ಲಿ ಮುಗಿಸಿ ಹೋದ.

ಕೆಲವು ತಿಂಗಳು ಏನೂ ಇಲ್ಲ. ಆಮೇಲೆ ಬೆಳಿಗ್ಗೆ ಎದ್ದರೆ ಸಿಂಕ್ ಕೆಳಗಿನ ಪ್ಲೈವುಡ್ ಒದ್ದೆ. ಹಗಲು ಒರೆಸಿಟ್ಟರೆ ಒಣಗಿಯೇ ಇರುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಒದ್ದೆ. ಹುಡುಗ ಬಂದ, ಕೈಯಾಡಿಸಿ ನೋಡಿದ, 'ಫಿಲ್ಟರ್ ಬೌಲ್‌ದು ರಬ್ಬರ್ ಹೋಗಿದೆ' ಅಂತ ರಿಂಗ್ ಬದಲಿಸಿ ದುಡ್ಡು ತೆಗೆದುಕೊಂಡ. ಒದ್ದೆ ನಿಲ್ಲಲಿಲ್ಲ. ಮತ್ತೆ ಬಂದಾಗ ಕನೆಕ್ಷನ್ ಪೈಪ್ ಬದಲಿಸಿದ.

ರಾತ್ರಿ ಮಾತ್ರ ಸೋರುವುದಕ್ಕೆ ಕಾರಣವಿದೆ. ಟೆರೇಸಿನ ಟ್ಯಾಂಕ್ ನಮಗಿಂತ ಸುಮಾರು ಮೂವತ್ತು ಮೀಟರ್ ಮೇಲಿದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಅಂದರೆ ನಮ್ಮ ಪೈಪಿನಲ್ಲಿ ಮೂರು ಬಾರ್. ಹಗಲು ಹತ್ತು ಮನೆಯವರು ನಲ್ಲಿ ಬಿಟ್ಟಿರುತ್ತಾರೆ, ನೀರು ಹರಿಯುವಾಗ ಒತ್ತಡ ಕಡಿಮೆಯಾಗುತ್ತದೆ. ರಾತ್ರಿ ಎಲ್ಲ ನಲ್ಲಿ ಬಂದ್. ಆಗ ಪೂರ್ತಿ ಮೂರು ಬಾರ್ ಬಂದು ಕೂರುತ್ತದೆ. ಕೂದಲೆಳೆಯಂಥ ಬಿರುಕು ಇದ್ದರೆ ಅದು ಬಾಯಿ ಬಿಡುವುದು ಆಗಲೇ. ಕೆಳಗಿನ ಮಹಡಿಯವರಿಗೆ ಇದು ಜಾಸ್ತಿ, ಮೇಲಿನವರಿಗೆ ಕಡಿಮೆ. ಹಾಗಾಗಿ ಹಗಲು ಬಂದ ಮೆಕ್ಯಾನಿಕ್ 'ಸೋರ್ತಾನೇ ಇಲ್ಲ' ಅಂದರೆ ನಂಬಬೇಡಿ. ರಾತ್ರಿ ಮಲಗುವ ಮುಂಚೆ ಪ್ರತಿ ಜಾಯಿಂಟ್‌ಗೂ ಒಂದೊಂದು ಟಿಶ್ಯೂ ಸುತ್ತಿಡಿ. ಬೆಳಿಗ್ಗೆ ಎಲ್ಲಕ್ಕಿಂತ ಮೇಲಿರುವ ಒದ್ದೆ ಟಿಶ್ಯೂ ನೋಡಿ. ನೀರು ಪೈಪ್ ಹಿಡಿದು ಇಳಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕುವ ಜಾಗ ಸೋರುವ ಜಾಗವಲ್ಲ.

ನಮಗೆ ಟಿಶ್ಯೂ ಉಪಾಯ ಗೊತ್ತಾಗುವ ಮುಂಚೆಯೇ ಬಿರುಕು ಸೀಳಿಕೊಂಡಿತು. ನಾವು ಸೊಲ್ಲಾಪುರಕ್ಕೆ ಮದುವೆಗೆ ಹೋಗಿದ್ದೆವು. ಹೋಗುವಾಗ ಆರ್‌ಒದ ಸಣ್ಣ ವಾಲ್ವ್ ಬಂದ್, ಗೋಡೆಯ ಆಂಗಲ್ ಕಾಕ್ ಬಂದ್, ಕರೆಂಟ್ ಬಂದ್. ಎಲ್ಲ ಮಾಡಿಯೇ ಹೋಗಿದ್ದು. ಆದರೂ ಕೆಳಗಿನ ಮನೆಯ ಕಾಕೂ ಫೋನ್ ಮಾಡಿದರು, ಅವರ ಅಡುಗೆಮನೆ ಛಾವಣಿಯಿಂದ ನೀರು ಇಳಿಯುತ್ತಿದೆ ಅಂತ. ವಾಚ್‌ಮನ್ ಡಕ್ಟ್‌ಗೆ ಹೋಗಿ ನಮ್ಮ ಲೈನಿನ ಮೇನ್ ವಾಲ್ವ್ ಮುಚ್ಚಿದ ಮೇಲೇ ನಿಂತದ್ದು.

ಎಲ್ಲ ಬಂದ್ ಇದ್ದರೂ ನೀರು ಬಂದದ್ದು ಹೇಗೆ? ಸೊಸೈಟಿಯವರು ಕಳಿಸಿದ ಪ್ಲಂಬರ್ ಕಲಬುರಗಿ ಕಡೆಯವರು. ಟಾರ್ಚ್ ಬಿಟ್ಟು ನೋಡಿದ ಕೂಡಲೇ ಅಂದರು, 'ಅಕ್ಕಾರ, ಟೀ ಗ್ವಾಡಿ ಕಡೆ ಹಾಕ್ಯಾನ್ರಿ. ನೀವು ಆಂಗಲ್ ಕಾಕ್ ಬಂದ್ ಮಾಡಿದ್ರ ಏನ್ ಉಪಯೋಗ?'

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೋಡೆಯಿಂದ ತಣ್ಣೀರು ಬರುವ ಕಡೆ ಆಂಗಲ್ ಕಾಕ್ ಇರುತ್ತದೆ. ಅಲ್ಲಿಂದ ಕನೆಕ್ಷನ್ ಪೈಪ್ ಮೇಲಿನ ನಲ್ಲಿಗೆ ಹೋಗುತ್ತದೆ. ಆರ್‌ಒಗೆ ನೀರು ಎಳೆಯಲು ಮಧ್ಯೆ ಒಂದು ಟೀ, ಅಂದರೆ ಮೂರು ಬಾಯಿಯ ಜಾಯಿಂಟ್ ಸೇರಿಸುತ್ತಾರೆ. ಅದರ ಪಕ್ಕಕ್ಕೆ ಪುಟ್ಟ ವಾಲ್ವ್, ಅದರಿಂದ ಕಾಲು ಇಂಚಿನ ಬಿಳಿ ಪೈಪ್. ಈ ಟೀ ಆಂಗಲ್ ಕಾಕ್ ಆದ ಮೇಲೆ ಬರಬೇಕು. ಆಗ ಕಾಕ್ ಮುಚ್ಚಿದರೆ ನಲ್ಲಿ, ಟೀ, ಆರ್‌ಒ ಎಲ್ಲವೂ ನಿಲ್ಲುತ್ತವೆ. ನಮ್ಮ ಹುಡುಗ ಕಾಕ್ ಬಿಚ್ಚಿ, ಗೋಡೆಗೆ ಮೊದಲು ಟೀ ತಿರುಗಿಸಿ, ಟೀಗೆ ಕಾಕ್ ತಿರುಗಿಸಿದ್ದ. ಟೀ ಒಡೆದರೆ ತಡೆಯಲು ಮನೆಯೊಳಗೆ ಏನೂ ಇಲ್ಲ. ಟೀ ಮೇಲಿನ ಪುಟ್ಟ ವಾಲ್ವ್ ಬಿಳಿ ಪೈಪನ್ನು ಮಾತ್ರ ಕಾಯುತ್ತದೆ, ಟೀಯನ್ನಲ್ಲ.

ಇನ್ನೊಂದು ತಪ್ಪು, ಅದು ಪ್ಲಾಸ್ಟಿಕ್ ಟೀ. ಅದರ ಒಳಥ್ರೆಡ್ಡಿಗೆ ಹಿತ್ತಾಳೆ ಕಾಕ್‌ನ ಹೊರಥ್ರೆಡ್ ಹೋಗುತ್ತದೆ. ಹುಡುಗ ಥ್ರೆಡ್ ಕಾಣದಷ್ಟು ಟೆಫ್ಲಾನ್ ಟೇಪ್ ಸುತ್ತಿ, ಪಾನಾ ಹಾಕಿ ಬಿಗಿದಿದ್ದ. ಟೇಪ್ ದಪ್ಪವಾದಷ್ಟೂ ಹಿತ್ತಾಳೆ ಮರ ಸೀಳುವ ಬೆಣೆಯ ಹಾಗೆ ಒಳಗಿನಿಂದ ಪ್ಲಾಸ್ಟಿಕ್ಕನ್ನು ಹಿಗ್ಗಿಸುತ್ತದೆ. ಅವತ್ತೇ ಒಡೆಯುವುದಿಲ್ಲ. ಹಿಗ್ಗಿದ ಜಾಗದಲ್ಲಿ ತಿಂಗಳುಗಟ್ಟಲೆ ಬಿರುಕು ಬೆಳೆಯುತ್ತದೆ. ಮೇಲೆ ಪ್ರತಿ ಸಲ ಕಾಕ್ ತಿರುಗಿಸಿದಾಗಲೂ ಆ ತಿರುಚುವ ಬಲವೆಲ್ಲ ಟೀಗೇ ಬೀಳುತ್ತಿತ್ತು. ಸೋರಿಕೆ ಅಂತ ಬಂದ ಹುಡುಗ ಎರಡು ಸಲವೂ ಅದನ್ನೇ ಇನ್ನಷ್ಟು ಬಿಗಿದು ಹೋಗಿದ್ದ!

ಈಗ ಹಾಕಿರುವುದು ಹಿತ್ತಾಳೆ ಟೀ, ಆಂಗಲ್ ಕಾಕ್ ಆದ ಮೇಲೆ. ಜೋಡಣೆಯಲ್ಲಿ ರಬ್ಬರ್ ವಾಷರ್ ಇರುವ ಕಡೆ ಟೇಪ್ ಸುತ್ತಲೇ ಇಲ್ಲ, ನೀರು ತಡೆಯುವುದು ವಾಷರ್, ಥ್ರೆಡ್ ಅಲ್ಲ. ಕೈಯಲ್ಲಿ ತಿರುಗಿಸಿ, ಪಾನಾದಿಂದ ಒಂದು ಸಣ್ಣ ಎಳೆತ, ಅಷ್ಟೇ. ಗೀಸರ್ ಅಥವಾ ಸೋಲಾರ್ ಲೈನಿನಿಂದ ಮಾತ್ರ ಎಳೆಯಲು ಬಿಡಬೇಡಿ. ಉಪ್ಪು ಸೋಸುವ ಮೆಂಬ್ರೇನ್ ಸಾಮಾನ್ಯವಾಗಿ ತಡೆಯುವುದು 45 ಡಿಗ್ರಿ ತನಕ.

ಬಿಳಿ ಪೈಪಿನ ಜಾಯಿಂಟ್‌ಗಳಲ್ಲೂ ಒಂದು ತೇವವಿತ್ತು. ಈ ಒತ್ತಿ ಕೂರಿಸುವ ಫಿಟ್ಟಿಂಗ್‌ನಲ್ಲಿ ಪೈಪ್ ಮೊದಲು ಒಳಗಿನ ಹಿಡಿತದ ಹಲ್ಲುಗಳಿಗೆ ಸಿಗುತ್ತದೆ. ಅಲ್ಲಿಗೇ ಬಿಟ್ಟರೆ ಎಳೆದರೂ ಬರುವುದಿಲ್ಲ, ಸರಿ ಕೂತಂತೆ ಕಾಣುತ್ತದೆ. ಆದರೆ ರಬ್ಬರ್ ರಿಂಗ್ ಅದಕ್ಕಿಂತ ಒಳಗಿದೆ. ಇನ್ನೂ ಜೋರಾಗಿ ತಳ್ಳಬೇಕು. ಪ್ಲಂಬರ್ ಪೈಪ್ ತುದಿಯಿಂದ ಸುಮಾರು 15 ಮಿಲಿಮೀಟರ್‌ಗೆ ಪೆನ್ನಿನಲ್ಲಿ ಗೆರೆ ಹಾಕಿ, ಗೆರೆ ಮರೆಯಾಗುವ ತನಕ ತಳ್ಳಿದರು. ಹಳೆ ತುದಿ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ದು. ಅದನ್ನು ಬ್ಲೇಡಿನಿಂದ ನೇರ ಕತ್ತರಿಸಿ ತೆಗೆದರು.

ರಿಜೆಕ್ಟ್ ಲೈನ್, ಅಂದರೆ ಆರ್‌ಒ ಹೊರಹಾಕುವ ಉಪ್ಪು ನೀರಿನ ಪೈಪ್, ಅದರ ಕಥೆ ಬೇರೆ. ಸಿಂಕ್‌ನ ಸುರುಳಿ ವೇಸ್ಟ್ ಪೈಪಿಗೆ ಒಂದು ತೂತು ಮಾಡಿ, ಪೈಪನ್ನು ಒಳಗೆ ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿದ್ದ. ಸಿಂಕ್ ಕಟ್ಟಿಕೊಂಡರೆ ಕೊಳೆ ನೀರಿನಲ್ಲಿ ಆ ಪೈಪಿನ ತುದಿ ಮುಳುಗುತ್ತದೆ. ಕುಡಿಯುವ ನೀರಿನ ಮೆಷಿನ್ನಿನ ಪೈಪ್ ಅದು, ನೆನಪಿರಲಿ. ತುದಿ ಯಾವಾಗಲೂ ನೀರಿನ ಮೇಲೆ, ಗಾಳಿಯಲ್ಲಿ ಇರಬೇಕು. ಸಾಲದ್ದಕ್ಕೆ ಆ ಪೈಪ್ ಪಾತ್ರೆ ಟ್ರಾಲಿಯ ಹಿಂದೆ ಚಪ್ಪಟೆಯಾಗಿತ್ತು. ರಿಜೆಕ್ಟ್ ಹರಿಯದಿದ್ದರೆ ಉಪ್ಪು ಮೆಂಬ್ರೇನ್ ಮೇಲೇ ನಿಲ್ಲುತ್ತದೆ. ಟ್ಯಾಂಕರ್ ನೀರಿನ ಗಡಸು ಅಲ್ಲೇ ಕಟ್ಟುತ್ತದೆ. ಕುಡಿಯುವ ನೀರಿನ ಟಿಡಿಎಸ್ ಏರುತ್ತಾ ಹೋಗುತ್ತದೆ. ನೀರು ಉಳಿಯಲಿ ಅಂತ ರಿಜೆಕ್ಟ್ ತುದಿಗೆ ನಲ್ಲಿ ಹಾಕಿಸುವವರನ್ನು ನೋಡಿದ್ದೇನೆ, ಅದೂ ಇದೇ ತಪ್ಪು.

ಪರೀಕ್ಷೆ ಸುಲಭ. ಮೆಷಿನ್ ಓಡುವಾಗ ರಿಜೆಕ್ಟ್ ನೀರನ್ನು ಒಂದು ನಿಮಿಷ ಅಳತೆ ಲೋಟದಲ್ಲಿ ಹಿಡಿಯಿರಿ. ನಮ್ಮದು ದಿನಕ್ಕೆ 75 ಗ್ಯಾಲನ್ ಮೆಂಬ್ರೇನ್, ರಿಜೆಕ್ಟ್ ಹರಿವನ್ನು ಮಿತಿಯಲ್ಲಿಡಲು ಹಾಕಿದ ರೆಸ್ಟ್ರಿಕ್ಟರ್ ಮೇಲೆ 300 ಅಂತ ಬರೆದಿದೆ. ನಿಮಿಷಕ್ಕೆ ಹತ್ತಿರ ಹತ್ತಿರ 300 ಮಿಲಿ ಬರಬೇಕು. ಟ್ರಾಲಿ ಒಳಗಿದ್ದಾಗ ಅದರ ಕಾಲು ಭಾಗವೂ ಬರುತ್ತಿರಲಿಲ್ಲ. ಈಗ ಪೈಪ್ ಬಾಲ್ಕನಿಯ ಬಕೆಟ್‌ಗೆ ಹೋಗುತ್ತದೆ, ಬಕೆಟ್ ಅಂಚಿಗಿಂತ ಮೇಲೆ ಕ್ಲಿಪ್ ಹಾಕಿದೆ. ನೆಲ ಒರೆಸಲು ಅದೇ ನೀರು. ಮೆಷಿನ್ ನಿಂತ ಮೇಲೂ ರಿಜೆಕ್ಟ್ ತೊಟ್ಟಿಕ್ಕುತ್ತಲೇ ಇದ್ದರೆ ಒಳಗಿನ ಸೊಲೆನಾಯ್ಡ್ ವಾಲ್ವ್‌ನಲ್ಲಿ ಕಸ ಕೂತಿರುವ ಸಾಧ್ಯತೆ ಜಾಸ್ತಿ, ಅದು ಪೂರ್ತಿ ಮುಚ್ಚುತ್ತಿಲ್ಲ.

ಕೊನೆಗೆ ಟ್ಯಾಂಕ್. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಅಂದಾಗ ಆ ಹುಡುಗ ಟ್ಯಾಂಕಿನ ತಳದ ವಾಲ್ವ್‌ಗೆ ಸೈಕಲ್ ಪಂಪ್ ಹಾಕಿ ಗಾಳಿ ತುಂಬಿದ್ದ. ನಲ್ಲಿ ರಭಸವಾಗಿ ಬಂತು, ಎರಡು ಬಾಟಲ್ ತುಂಬುವಷ್ಟರಲ್ಲಿ ನಿಂತಿತು. ಟ್ಯಾಂಕ್ ಒಳಗೆ ರಬ್ಬರ್ ಚೀಲ, ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಖಾಲಿ ಟ್ಯಾಂಕಿನಲ್ಲಿ ಗಾಳಿ 7 ಪಿಎಸ್‌ಐ ಸುತ್ತಮುತ್ತ ಇರಬೇಕು. ನಮ್ಮ ಆರ್‌ಒ ಒಳಗಿನ ಪಂಪ್ 40 ಪಿಎಸ್‌ಐಗೆ ನಿಲ್ಲುತ್ತದೆ. ಲೆಕ್ಕ ಹಾಕಿದರೆ 12 ಲೀಟರಿನ ಟ್ಯಾಂಕ್‌ನಲ್ಲಿ ಏಳು ಲೀಟರಿನಷ್ಟು ನೀರು ಹಿಡಿಯುತ್ತದೆ. ಗಾಳಿ 25 ಆದರೆ ಮೂರು ಲೀಟರ್ ಚಿಲ್ಲರೆ ಮಾತ್ರ, ಜಾಗವೆಲ್ಲ ಗಾಳಿಗೇ ಹೋಯಿತು. ಪ್ಲಂಬರ್ ಇನ್‌ಲೆಟ್ ಮುಚ್ಚಿ, ನಲ್ಲಿ ತೆರೆದು ನೀರೆಲ್ಲ ಬಸಿದು, ಆಮೇಲೆ ಗೇಜ್ ಹಿಡಿದರು. ತುಂಬಿದ ಟ್ಯಾಂಕ್‌ಗೆ ಗೇಜ್ ಹಿಡಿದರೆ ಪಂಪಿನ ಒತ್ತಡವೇ ತೋರಿಸುತ್ತದೆ, ಗಾಳಿ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಟ್ಯಾಂಕ್ ಎತ್ತಿದರೆ ಭಾರ, ನಲ್ಲಿಯಲ್ಲಿ ನೀರಿಲ್ಲ ಅಂದರೆ ಗಾಳಿ ಹೋಗಿದೆ. ವಾಲ್ವ್ ಪಿನ್ ಒತ್ತಿದಾಗ ನೀರೇ ಬಂದರೆ ಚೀಲ ಹರಿದಿದೆ, ಆಗ ಟ್ಯಾಂಕೇ ಬದಲಿಸಬೇಕು.

ಅಂಗಡಿಯವರು ಫಿಟ್ಟಿಂಗ್ ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಕಾಕೂ ಮನೆಯ ಪೇಂಟ್ ಖರ್ಚು ನಮ್ಮ ಮೇಲೇ ಬಿತ್ತು. ನೀವು ಹಾಕಿಸುವಾಗ ಹುಡುಗ ಬ್ಯಾಗ್ ಬಿಚ್ಚುವ ಮುಂಚೆಯೇ ಮರಾಠಿಯಲ್ಲಿ ಹೇಳಿಬಿಡಿ: 'ದಾದಾ, ಟೀ ಆಂಗಲ್ ಕಾಕ್‌ಚ್ಯಾ ನಂತರ ಲಾವಾ, ಪಿತಳೇಚಾ.' ಅಂದರೆ ಟೀ ಆಂಗಲ್ ಕಾಕ್ ಆದ ಮೇಲೆ ಹಾಕಿ, ಹಿತ್ತಾಳೆಯದು. ಮುಗಿದ ಮೇಲೆ ಆಂಗಲ್ ಕಾಕ್ ಮುಚ್ಚಿಸಿ, ಟೀಯಿಂದ ಬಿಳಿ ಪೈಪ್ ಬಿಚ್ಚಿಸಿ, ಅದರ ವಾಲ್ವ್ ತೆರೆಸಿ. ಒಳಗೆ ಉಳಿದ ನಾಲ್ಕು ಹನಿ ಬಿದ್ದು ನಿಂತರೆ ದುಡ್ಡು ಕೊಡಿ. ಹರಿಯುತ್ತಲೇ ಇದ್ದರೆ ಬಿಚ್ಚಿ ಮತ್ತೆ ಹಾಕಲಿ.